ಚೈನಾ ಮೊಸಾಯಿಕ್ ತಾರಸಿಯಲ್ಲಿ ಬಿರುಕು: ಸಹಾಯ ಬೇಕು

ಕಲಬುರಗಿಯಲ್ಲಿ ನಮ್ಮ ಮನೆ ತಾರಸಿಗೆ ಬಿಳಿ ಚೈನಾ ಮೊಸಾಯಿಕ್ ಇದೆ. ಬಿಸಿಲನ್ನು ವಾಪಸ್ ಹೊಡೆಯುವುದರಿಂದ ಕೆಳಗಿನ ಕೋಣೆ ತಂಪು, ಅದರಲ್ಲಿ ದೂರಿಲ್ಲ (ಧೂಳು ಕೂರದಂತೆ ತೊಳೆಯುತ್ತಿರಬೇಕು, ಅಷ್ಟೇ). ಈಗ ಪ್ಯಾರಪೆಟ್ ಬುಡದಲ್ಲಿ ಉದ್ದಕ್ಕೂ ಬಿರುಕು. ನಡುವೆ ಒಂದು ಕಡೆ ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು. ಅಲ್ಲಿ ಟೈಲ್ ಚೂರುಗಳ ಸಂದಿನ ಬಿಳಿ ಸಿಮೆಂಟ್ ಪುಡಿಯಾಗಿ ಉದುರುತ್ತಿದೆ.

ಎಲ್ಲೂ ಜಾಯಿಂಟ್ ಬಿಡದೆ ಒಂದೇ ಹಾಸಾಗಿ ಮಾಡಿದ್ದಾರೆ. ಹಗಲು ಹಿಗ್ಗಲು ಜಾಗವಿಲ್ಲ, ಅದಕ್ಕೇ ಹೀಗೆ ಅಲ್ವಾ? ಮೇಸ್ತ್ರಿ ಸುಮ್ನೆ ಬಿಳಿ ಸಿಮೆಂಟ್ ತುಂಬೋಣ ಅನ್ನುತ್ತಾರೆ. ಅದು ಗಡಸು, ಬೇಸಿಗೆಗೆ ಮತ್ತೆ ಸೀಳುತ್ತದೆ. ಟೊಳ್ಳಿರುವಷ್ಟನ್ನು ಕಿತ್ತು ಮತ್ತೆ ಕೂರಿಸಿ, ಗೋಡೆ ಬುಡದ ಸಂದಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿಸಬೇಕೆಂದಿದ್ದೇನೆ.

ನಡುವೆಯೂ ಜಾಯಿಂಟ್ ಕೊರೆಸಬಹುದಾ? ಕೆಳಗಿನ ವಾಟರ್‌ಪ್ರೂಫಿಂಗ್‌ಗೆ ಬ್ಲೇಡ್ ತಾಗುವ ಭಯ. ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.