ಪದಚರ್ಚೆ: ರೆಸಲ್ಯೂಶನ್‌ಗೆ ‘ಸ್ಪಷ್ಟತೆ’ ಎನ್ನಬಹುದೇ? ಬಿಟ್‌ರೇಟ್‌ಗೆ ಏನೆನ್ನೋಣ?

ಮಾಲತಿ:
ಬಳಗದವರಿಗೆ ನಮಸ್ಕಾರ. ಮೊಬೈಲ್ ಡೇಟಾವನ್ನು ಅಳೆದು ಬಳಸುವ ನೋಡುಗರಿಗಾಗಿ ಪಾಠದ ವಿಡಿಯೊ ತಯಾರಿಸುವವರ ಕೈಪಿಡಿಯೊಂದನ್ನು ಪರಿಷ್ಕರಿಸುತ್ತಿದ್ದೇನೆ. ಹಳೆಯ ಪ್ರತಿಯಲ್ಲಿ ರೆಸಲ್ಯೂಶನ್‌ಗೆ ‘ಸ್ಪಷ್ಟತೆ’ ಎಂದಿದೆ. ಅದನ್ನು ಓದಿದ ತಂಡವೊಂದು ಹತ್ತು ನಿಮಿಷದ ಪಾಠವನ್ನು 30 ಎಂಬಿಗೆ ಇಳಿಸಬೇಕಿತ್ತು. ‘ಸ್ಪಷ್ಟತೆ ಕಡಿಮೆ ಮಾಡುವುದು ಬೇಡ’ ಎಂದು ಚಿತ್ರವನ್ನು 1280×720ರಲ್ಲೇ ಇಟ್ಟುಕೊಂಡು ಬಿಟ್‌ರೇಟ್ ಮಾತ್ರ ತಗ್ಗಿಸಿದರು. ಶಿಕ್ಷಕಿ ಕೈಯಾಡಿಸಿದಾಗಲೆಲ್ಲ ಬೆರಳುಗಳು ಚೌಕ ಚೌಕವಾಗಿ ಒಡೆಯುತ್ತಿದ್ದವು, ಹಲಗೆಯ ಅಕ್ಷರಗಳ ಅಂಚು ಕಲಸಿಹೋಗುತ್ತಿತ್ತು. ಹಾಗಾದರೆ ಯಾವ ಪದ ಬಳಸೋಣ? ಬಿಟ್‌ರೇಟ್‌ಗೂ, ಚಿತ್ರಕ್ಕಿಂತ ಧ್ವನಿಯನ್ನೇ ನೆಚ್ಚಿ ಕಥನ ಕಟ್ಟುವ ಕ್ರಮಕ್ಕೂ ಪದಗಳು ಬೇಕು.

ಶ್ರೀಧರ:
ರೆಸಲ್ಯೂಶನ್ ಅಂದರೆ ಚುಕ್ಕಿಗಳ ಲೆಕ್ಕವೇ ಆದ್ದರಿಂದ ‘ಚುಕ್ಕಿಸಾಂದ್ರತೆ’ ಸರಿಯಾಗುತ್ತದೆ. ಬಿಟ್‌ರೇಟ್‌ಗೆ ‘ಡೇಟಾ ವೇಗ’, ಮೂರನೆಯದಕ್ಕೆ ‘ಧ್ವನಿಪ್ರಧಾನ’ ಎನ್ನಿ. ಮೂರೂ ಓದಿದ ಕೂಡಲೇ ಅರ್ಥವಾಗುತ್ತವೆ.

ನಾಗವೇಣಿ:
ನನ್ನ ಮೊಬೈಲ್‌ನಲ್ಲಿ ಪಾಠದ ವಿಡಿಯೊಗಳು ನಿಂತು ನಿಂತು ಓಡುತ್ತವೆ. ಡೇಟಾ ವೇಗ ವಿಡಿಯೊ ಮಾಡುವವರ ಕೈಯಲ್ಲೇ ಇದೆ ಎಂದಾದರೆ ಅವರೇಕೆ ಅದನ್ನು ಹೆಚ್ಚಿಸುವುದಿಲ್ಲ, ಶ್ರೀಧರ ಅವರೇ? ಕೊನೆಗೆ ನಾನು ಪರದೆ ನೋಡುವುದನ್ನೇ ಬಿಟ್ಟು ಮಾತು ಮಾತ್ರ ಕೇಳುತ್ತೇನೆ. ಆಗ ‘ಈ ತಂತಿಯನ್ನು ಇಲ್ಲಿಗೆ ಸೇರಿಸಿ’ ಎನ್ನುತ್ತಾರೆ. ಯಾವ ತಂತಿ, ಎಲ್ಲಿಗೆ?

ಇಮ್ರಾನ್:
ವಿಡಿಯೊ ಸಂಕಲನ ನನ್ನ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾಗವೇಣಿ ಅವರು ‘ಡೇಟಾ ವೇಗ’ವನ್ನು ಇಂಟರ್‌ನೆಟ್ ವೇಗ ಎಂದು ಓದಿಕೊಂಡಿದ್ದಾರೆ, ಯಾರೇ ಆದರೂ ಹಾಗೆಯೇ ಓದುತ್ತಾರೆ. ಬಿಟ್‌ರೇಟ್ ಎಂದರೆ ವಿಡಿಯೊದ ಪ್ರತಿ ಸೆಕೆಂಡಿಗೆ ನಾವು ಖರ್ಚು ಮಾಡುವ ಬಿಟ್‌ಗಳು. ಅದನ್ನು ಏರಿಸಿದರೆ ನಿಧಾನವಾದ ಸಂಪರ್ಕದಲ್ಲಿ ವಿಡಿಯೊ ಇನ್ನಷ್ಟು ನಿಲ್ಲುತ್ತದೆ. ‘ವೇಗ’ ಎಂಬ ಪದ ಓದುಗರನ್ನು ವಿರುದ್ಧ ದಿಕ್ಕಿಗೆ ಕಳಿಸುತ್ತದೆ.

ಮಾಲತಿ ಅವರು ಕೊಟ್ಟ ಉದಾಹರಣೆಯನ್ನೇ ಲೆಕ್ಕ ಹಾಕೋಣ. ಹತ್ತು ನಿಮಿಷಕ್ಕೆ 30 ಎಂಬಿ ಎಂದರೆ ಸೆಕೆಂಡಿಗೆ ಸುಮಾರು 400 ಕಿಲೋಬಿಟ್. ಮಾತಿಗೆಂದು 64 ಎತ್ತಿಟ್ಟರೆ ಚಿತ್ರಕ್ಕೆ ಉಳಿಯುವುದು 336. 1280×720ರ ಒಂದು ಚೌಕಟ್ಟಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ, 640×360ರಲ್ಲಿ ಅದರ ಕಾಲು ಭಾಗ. ಅದೇ 336 ಕಿಲೋಬಿಟ್ಟನ್ನು ನಾಲ್ಕು ಪಟ್ಟು ಚುಕ್ಕಿಗಳಿಗೆ ಹಂಚಿದ್ದರಿಂದಲೇ ಬೆರಳುಗಳು ಒಡೆದವು. 360ಕ್ಕೆ ಇಳಿಸಿದರೂ ಕಡತ 30 ಎಂಬಿಯೇ, ಆದರೆ ಕೈ ಕೈಯಾಗಿಯೇ ಕಾಣುತ್ತದೆ. ಒಂದು ಮಿತಿಯಿದೆ: ಹಲಗೆಯ ಸಣ್ಣ ಅಕ್ಷರಗಳು 360ರಲ್ಲಿ ಹೇಗೂ ಉಳಿಯುವುದಿಲ್ಲ. ಅಕ್ಷರವನ್ನು ದೊಡ್ಡದಾಗಿ ಬರೆಸಬೇಕು, ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಬೇಕು. ಹಿನ್ನೆಲೆಯಲ್ಲಿ ಎಲೆಗಳು ಅಲ್ಲಾಡುತ್ತಿದ್ದರೆ ಬಿಟ್‌ಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಆದ್ದರಿಂದ ‘ಸ್ಪಷ್ಟತೆ’ ಬೇಡವೇ ಬೇಡ. ಸ್ಪಷ್ಟತೆ ಎನ್ನುವುದು ಚುಕ್ಕಿಗಳೂ ಬಿಟ್‌ಗಳೂ ಹೊಂದಿಕೊಂಡಾಗ ಸಿಗುವ ಫಲ. ಶ್ರೀಧರ ಅವರು ಚುಕ್ಕಿಯನ್ನು ಹಿಡಿದದ್ದು ಸರಿ, ಆದರೆ ‘ಸಾಂದ್ರತೆ’ ಪರದೆಗೆ ಸಂಬಂಧಿಸಿದ್ದು: ಅದೇ 640×360ರ ಚಿತ್ರ ಸಣ್ಣ ಪರದೆಯಲ್ಲಿ ದಟ್ಟವಾಗಿಯೂ ದೊಡ್ಡದರಲ್ಲಿ ವಿರಳವಾಗಿಯೂ ಕಾಣುತ್ತದೆ. ನನ್ನ ಆಯ್ಕೆ ‘ಚಿತ್ರದ ಅಳತೆ’. ಬಿಟ್‌ರೇಟ್‌ಗೆ ‘ಬಿಟ್ ದರ’ ಸಾಕು.

ಶ್ರೀಧರ:
ಸಾಂದ್ರತೆಯ ವಿಷಯ ಒಪ್ಪಿದೆ. ಆದರೆ ‘ಅಳತೆ’ ಎಂದರೆ ಕಡತದ ಅಳತೆಯೋ ಚಿತ್ರದ್ದೋ ಎಂಬ ಗೊಂದಲ ಬರುವುದಿಲ್ಲವೇ? ‘ಚುಕ್ಕಿಯೆಣಿಕೆ’ ಎಂದರೆ ಆ ಭಯವಿಲ್ಲ.

ಮಾಲತಿ:
ಇಮ್ರಾನ್ ಅವರ ಲೆಕ್ಕವನ್ನು ಕೈಪಿಡಿಯಲ್ಲಿ ಹಾಗೆಯೇ ಸೇರಿಸುತ್ತೇನೆ. ‘ಬಿಟ್ ದರ’ದ ಬಗ್ಗೆ ಮಾತ್ರ ನನಗೆ ಅಳುಕಿದೆ. ಪುಟ ಪುಟದಲ್ಲೂ ಡೇಟಾ ಖರ್ಚಿನ ಮಾತಿರುವ ಪುಸ್ತಕದಲ್ಲಿ ‘ದರ’ ಎಂದೊಡನೆ ಓದುಗರು ಬೆಲೆಯೆಂದೇ ತಿಳಿಯುತ್ತಾರೆ. ಬೇರೆ ಪದ ಸಿಗುವವರೆಗೆ ‘ಬಿಟ್‌ರೇಟ್’ ಎಂದೇ ಬಿಡುತ್ತೇನೆ.

‘ಧ್ವನಿಪ್ರಧಾನ’ ಎಂಬುದನ್ನು ನಮ್ಮ ತಂಡದ ಇಬ್ಬರಿಗೆ ತೋರಿಸಿದೆ. ಹಿನ್ನೆಲೆ ಸಂಗೀತ ಹೆಚ್ಚಿರುವ ವಿಡಿಯೊ ಎಂದುಕೊಂಡರು! ನಾಗವೇಣಿ ಅವರ ತಂತಿಯ ದೂರು ಇದಕ್ಕಿಂತ ಚೆನ್ನಾಗಿ ವಿಷಯವನ್ನು ಹೇಳುತ್ತದೆ. ‘ಈ ತಂತಿಯನ್ನು ಇಲ್ಲಿಗೆ’ ಎನ್ನುವ ಬದಲು ‘ಕೆಂಪು ತಂತಿಯನ್ನು ಬ್ಯಾಟರಿಯ ಪ್ಲಸ್ ತುದಿಗೆ’ ಎಂದು ಬರೆಯುವುದೇ ಆ ಕ್ರಮ. ‘ಕೇಳಿದರೇ ತಿಳಿಯುವ ಕಥನ’ ಎಂದರೆ ಉದ್ದವಾಯಿತೇ?

ಇಮ್ರಾನ್:
ಉದ್ದವಾದರೂ ಇರಲಿ, ಅದು ಕೆಲಸದ ಪದ. ಬರೆಯುವವರು ಚಿತ್ರೀಕರಣಕ್ಕೆ ಮುಂಚೆಯೇ ಕಣ್ಣು ಮುಚ್ಚಿ ಮಾತನ್ನು ಕೇಳಿ ನೋಡುವಂತೆ ಅದು ಮಾಡುತ್ತದೆ. ಒಂದು ವಿನಂತಿ: 30 ಎಂಬಿಯ ಮಿತಿ ಇನ್ನೂ ಬಿಗಿಯಾದರೆ ಧ್ವನಿಯ 64ಕ್ಕೆ ಮೊದಲು ಕೈಹಾಕಬೇಡಿ ಎಂದು ಬರೆಯಿರಿ. ಮೊನೊ ಮಾತಿಗೆ ಅಷ್ಟು ಸಾಕು. ಆದರೆ ಅಡಿಯಲ್ಲಿ ಸಂಗೀತ ಹರಿಸಿ, ಬಿಟ್‌ಗಳನ್ನೂ ಕಿತ್ತುಕೊಂಡರೆ ‘ಸ’ ‘ಶ’ಗಳು ಬೇರೆಯಾಗಿ ಕೇಳಿಸುವುದಿಲ್ಲ.

ನಾಗವೇಣಿ:
ನಾನು ‘ಚುಕ್ಕಿಯೆಣಿಕೆ’ಯ ಕಡೆ. ಈ ಕೈಪಿಡಿ ಬಂದಾಗ ನನಗೂ ಒಂದು ಪ್ರತಿ ಕಳಿಸಿ, ಮಾಲತಿ ಅವರೇ.