3.6 ಎಲ್‌ಪಿಎ ಎಂದರೆ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?

ಬದಿಯಡ್ಕದಿಂದ ಕೇಳಿದವರು:
“ಕಾಸರಗೋಡಿನಲ್ಲಿ ಬಿಕಾಂ ಮುಗಿಸಿ ಮೊದಲ ಸಲ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಬೆಂಗಳೂರಿನ ಕಂಪೆನಿಯೊಂದರ ಜಾಹೀರಾತಿನಲ್ಲಿ ‘ಸಿಟಿಸಿ 3.6 ಎಲ್‌ಪಿಎ ವರೆಗೆ, ಡಬ್ಲ್ಯುಎಫ್‌ಎಚ್, ಜೆಡಿ ಲಗತ್ತಿಸಲಾಗಿದೆ’ ಎಂದಿದೆ. ತಿಂಗಳಿಗೆ ಮೂವತ್ತು ಸಾವಿರ ಸಿಗುತ್ತದೆ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ನಾನು ತಿಳಿದುಕೊಂಡದ್ದು ಸರಿಯೇ?”

ಕುಂಬಳೆಯಿಂದ:
ಎಲ್‌ಪಿಎ ಎಂದರೆ ವರ್ಷಕ್ಕೆ ಇಷ್ಟು ಲಕ್ಷ ಎಂದು ಅರ್ಥ. ಆದ್ದರಿಂದ 3,60,000ವನ್ನು ಹನ್ನೆರಡರಿಂದ ಭಾಗಿಸಿದ್ದು ಸರಿಯಾಗಿದೆ, ಆದರೆ ಅದರಲ್ಲಿ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ, ಶೇ. 12 ಕಡಿತವಾಗುತ್ತದೆ. ಮೂವತ್ತು ಸಾವಿರಕ್ಕೆ 3,600 ಕಳೆದರೆ ಕೈಗೆ 26,400 ಬರುತ್ತದೆ. ಜೆಡಿ ಎಂದರೆ ಕೆಲಸಕ್ಕೆ ಸೇರಬೇಕಾದ ದಿನಾಂಕ. ಅದನ್ನು ನೋಡಿಕೊಂಡು ಅರ್ಜಿ ಹಾಕಿ.

ಮಂಜೇಶ್ವರದಿಂದ:
ನಾನು ಹನ್ನೊಂದು ವರ್ಷಗಳಿಂದ ಮಂಗಳೂರಿನ ಕಚೇರಿಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಮೊದಲ ಸಂಬಳ ಬ್ಯಾಂಕಿಗೆ ಬಂದ ದಿನ ‘ಅಕ್ಕ, ಏಕೆ ಇಷ್ಟು ಕಡಿಮೆ?’ ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರನ್ನು ಪ್ರತಿ ವರ್ಷ ಕಾಣುತ್ತೇನೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕುಂಬಳೆಯವರು ಎಲ್‌ಪಿಎಗೆ ಹೇಳಿದ ಅರ್ಥ ಸರಿಯಾಗಿದೆ. ತಪ್ಪಿರುವುದು ಭಾಗಿಸುವ ಮೊತ್ತದಲ್ಲಿ. ಸಿಟಿಸಿ ಎಂಬುದು ನಿಮಗೆ ಕೊಡುವ ಸಂಬಳವಲ್ಲ, ನಿಮ್ಮನ್ನು ಇಟ್ಟುಕೊಳ್ಳುವುದಕ್ಕೆ ಕಂಪೆನಿ ಒಂದು ವರ್ಷದಲ್ಲಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕೆಲವು ಭಾಗ ನಿಮ್ಮ ಖಾತೆಗೆ ತಿಂಗಳು ತಿಂಗಳು ಬರುತ್ತದೆ, ಕೆಲವು ಭಾಗ ವರ್ಷಗಳ ಮೇಲೆ ಬರುತ್ತದೆ, ಕೆಲವು ಭಾಗ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಜಾಹೀರಾತಿನ 3,60,000ವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 36,000 ವೇರಿಯಬಲ್ ಎಂದು ಇಟ್ಟುಕೊಳ್ಳಿ. ನಿಮ್ಮ ಕೆಲಸವನ್ನೂ ಕಂಪೆನಿಯ ಲಾಭವನ್ನೂ ನೋಡಿ ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಕೊಡುವ ಹಣ ಇದು. ಅದನ್ನು ಪೂರ್ತಿ ಕೊಟ್ಟೇ ತೀರುತ್ತೇವೆ ಎಂಬ ಮಾತು ಕಾಗದದಲ್ಲಿ ಇರುವುದಿಲ್ಲ. ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 15,000 ಎನ್ನೋಣ. ಅದರ ಮೇಲೆ ಕಂಪೆನಿ ತನ್ನ ಪಾಲಿನ ಪಿಎಫ್ ಎಂದು ಶೇ. 12ರಂತೆ ತಿಂಗಳಿಗೆ 1,800 ಕಟ್ಟುತ್ತದೆ. ಇದು ವರ್ಷಕ್ಕೆ 21,600 ಆಗುತ್ತದೆ, ಮತ್ತು ಸಿಟಿಸಿಯ ಒಳಗೇ ಇರುತ್ತದೆ. ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ಮೂಲ ವೇತನದ ಶೇ. 4.81ರಂತೆ 8,658 ಎತ್ತಿಡುತ್ತಾರೆ. ಗುಂಪು ಆರೋಗ್ಯ ವಿಮೆಯ ಕಂತು ಕಂಪೆನಿಯಿಂದ ಕಂಪೆನಿಗೆ ಬೇರೆಯಾಗಿರುತ್ತದೆ. ಲೆಕ್ಕಕ್ಕೆ ಅದನ್ನು 5,742 ಎಂದು ಹಿಡಿದರೆ, ಈ ನಾಲ್ಕೂ ಸೇರಿ 72,000 ಆಯಿತು.

ಉಳಿದದ್ದು 2,88,000. ತಿಂಗಳಿಗೆ 24,000. ಪೇಸ್ಲಿಪ್ಪಿನಲ್ಲಿ ಗ್ರಾಸ್ ಎಂದು ಕಾಣುವುದು ಇದೇ ಮೊತ್ತ. ಇದರಿಂದ ನಿಮ್ಮ ಪಾಲಿನ ಪಿಎಫ್ 1,800 ಕಡಿತವಾದ ಮೇಲೆ ಖಾತೆಗೆ ಬರುವುದು 22,200 ರೂಪಾಯಿ. ಈ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳವಿರುವವರಿಗೆ ಮಾತ್ರ ಇರುವುದರಿಂದ ಅದೂ ಕಡಿತವಾಗುವುದಿಲ್ಲ.

ತಂದೆಯವರಿಗೆ ಮೂವತ್ತು ಸಾವಿರ ಎಂದು ಹೇಳಿದ್ದನ್ನು ಇಪ್ಪತ್ತೆರಡು ಸಾವಿರ ಎಂದು ಈಗಲೇ ತಿದ್ದಿಬಿಡಿ. ಮನೆಯ ಸಾಲದ ಕಂತನ್ನೋ ತಮ್ಮನ ಫೀಸನ್ನೋ ಆ ಮೂವತ್ತು ಸಾವಿರವನ್ನು ನಂಬಿ ಯಾರಾದರೂ ಲೆಕ್ಕ ಹಾಕಿದರೆ ತೊಂದರೆಯಾಗುತ್ತದೆ.

ಜೆಡಿ ಎಂದರೆ ಸೇರುವ ದಿನಾಂಕವಲ್ಲ. ಅದಕ್ಕೆ ಡಿಒಜೆ ಎಂದು ಬರೆಯುತ್ತಾರೆ. ಜೆಡಿ ಎಂದರೆ ಆ ಹುದ್ದೆಯಲ್ಲಿ ನೀವು ಏನೇನು ಕೆಲಸ ಮಾಡಬೇಕು, ಏನೇನು ಗೊತ್ತಿರಬೇಕು ಎಂಬುದರ ವಿವರಣೆ.

ಕುಂಬಳೆಯಿಂದ:
ಜೆಡಿಯ ವಿಷಯದಲ್ಲಿ ನನಗೆ ತಪ್ಪು ತಿಳಿವಳಿಕೆ ಇತ್ತು, ತಿದ್ದಿದ್ದಕ್ಕೆ ಧನ್ಯವಾದ. ಪಿಎಫ್ ಗ್ರಾಸ್‌ನ ಮೇಲೆ ಅಲ್ಲ, ಬೇಸಿಕ್‌ನ ಮೇಲೆ ಎಂಬುದೂ ಈಗ ಗೊತ್ತಾಯಿತು.

ಪೆರ್ಲದಿಂದ:
ನನ್ನ ಅನುಭವ ಕಹಿಯಾದದ್ದು. ನಮ್ಮ ಕಂಪೆನಿಯವರು ನನ್ನ ಪಾಲಿನ ಪಿಎಫ್‌ನ ಜೊತೆಗೆ ತಮ್ಮ ಪಾಲನ್ನೂ ನನ್ನ ಸಿಟಿಸಿಯಿಂದಲೇ ತೆಗೆದರು. ಎರಡು ಸಲ ಕತ್ತರಿಸಿದಂತಾಯಿತು. ಎರಡು ವರ್ಷಕ್ಕೆ ಕೆಲಸ ಬಿಟ್ಟೆ. ಆ ಹಣವೆಲ್ಲ ಹೋದ ಹಾಗೆಯೇ ಎಂದು ಭಾವಿಸಿ ಸುಮ್ಮನಿದ್ದೇನೆ.

ಮಂಜೇಶ್ವರದಿಂದ:
ದಯವಿಟ್ಟು ಸುಮ್ಮನಿರಬೇಡಿ, ಆ ಹಣ ಹೋಗಿಲ್ಲ. ತಮ್ಮ ಪಾಲನ್ನು ಸಿಟಿಸಿಯ ಒಳಗೆ ತೋರಿಸುವುದು ಬಹುಪಾಲು ಕಂಪೆನಿಗಳ ಪದ್ಧತಿ. ಅದರಿಂದ ಜಾಹೀರಾತಿನ ಅಂಕಿ ದೊಡ್ಡದಾಗಿ ಕಾಣುತ್ತದೆ ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಮೂಲ ವೇತನ 15,000 ಇದ್ದಲ್ಲಿ ಕಂಪೆನಿಯ 1,800ರಲ್ಲಿ 1,250 ಪಿಂಚಣಿ ನಿಧಿಗೆ, 550 ನಿಮ್ಮ ಪಿಎಫ್ ಖಾತೆಗೆ ಸೇರುತ್ತದೆ. ನಿಮ್ಮ 1,800 ಪೂರ್ತಿಯಾಗಿ ಅದೇ ಖಾತೆಗೆ ಹೋಗುತ್ತದೆ. ಪೇಸ್ಲಿಪ್ಪಿನಲ್ಲಿ ಯುಎಎನ್ ಎಂಬ ಹನ್ನೆರಡು ಅಂಕಿಗಳ ಸಂಖ್ಯೆ ಇರುತ್ತದೆ. ಕಂಪೆನಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಅದನ್ನು ಹಿಡಿದುಕೊಂಡು ಹಣವನ್ನು ಹೊಸ ಕೆಲಸದ ಖಾತೆಗೆ ವರ್ಗಾಯಿಸಿಕೊಳ್ಳಬಹುದು.

ಎರಡೇ ವರ್ಷಕ್ಕೆ ಬಿಟ್ಟವರಿಗೆ ಸಿಗದೆ ಹೋಗುವುದು ಗ್ರಾಚ್ಯುಟಿ. ಕಾಯಂ ಹುದ್ದೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ಮೊದಲ ಕೆಲಸದಲ್ಲಿ ಅಷ್ಟು ಕಾಲ ನಿಲ್ಲುವವರು ಕಡಿಮೆ. ಹಾಗಾಗಿ ಸಿಟಿಸಿಯಲ್ಲಿ ಕಾಣುವ ಆ ಸಾಲನ್ನು ಇಲ್ಲವೆಂದೇ ಎಣಿಸಿ ಲೆಕ್ಕ ಹಾಕುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಮುಳ್ಳೇರಿಯದಿಂದ:
ಡಬ್ಲ್ಯುಎಫ್‌ಎಚ್ ಬಗ್ಗೆ ನನ್ನ ಕಥೆ ಹೇಳುತ್ತೇನೆ. ಮನೆಯಿಂದಲೇ ಕೆಲಸ ಎಂದು ಜಾಹೀರಾತಿನಲ್ಲಿ ಓದಿ ಸೇರಿದೆ. ಆಫರ್ ಲೆಟರಿನಲ್ಲಿ ಕೆಲಸದ ಸ್ಥಳ ಎಂಬಲ್ಲಿ ಬೆಂಗಳೂರು ಎಂದಿತ್ತು, ಮತ್ತು ಕಂಪೆನಿ ಬೇಕೆಂದಾಗ ಕಚೇರಿಗೆ ಕರೆಯಬಹುದು ಎಂಬ ಒಂದು ವಾಕ್ಯವಿತ್ತು. ಅದನ್ನು ಓದಿಯೂ ನಾನು ಲಕ್ಷ್ಯ ಕೊಡಲಿಲ್ಲ. ನಾಲ್ಕನೆಯ ತಿಂಗಳಿಗೆ ಹದಿನೈದು ದಿನಗಳ ಅವಧಿ ಕೊಟ್ಟು ಕರೆದರು. ಪಿಜಿಯ ಬಾಡಿಗೆ, ಮುಂಗಡ, ಊಟದ ಖರ್ಚು ಇವೆಲ್ಲ ಮನೆಯಲ್ಲಿ ಕುಳಿತು ಹಾಕಿದ ಲೆಕ್ಕದಲ್ಲಿ ಇರಲೇ ಇಲ್ಲ. ಮನೆಯಲ್ಲಿದ್ದ ತಿಂಗಳುಗಳಲ್ಲಿಯೂ ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್ವರ್ಟರು ನನ್ನದೇ, ಇಂಟರ್ನೆಟ್ಟಿನ ಬಿಲ್ಲೂ ನನ್ನದೇ ಆಗಿತ್ತು. ಲಾಗಿನ್ ಇಲ್ಲದ ಗಂಟೆಗಳನ್ನು ಅರ್ಧ ದಿನದ ರಜೆಯೆಂದು ಬರೆದುಕೊಂಡರು. ಲ್ಯಾಪ್‌ಟಾಪ್ ಯಾರು ಕೊಡುತ್ತಾರೆ, ಮನೆಯಿಂದ ಕೆಲಸ ಎಷ್ಟು ತಿಂಗಳು, ಕರೆಂಟು ಹೋದರೆ ಏನು ಎಂಬ ಮೂರನ್ನು ಮಾತ್ರ ತಪ್ಪದೆ ಕೇಳಿ.

ಉಪ್ಪಳದಿಂದ:
ನನಗೂ ಮನೆಯಿಂದ ಮಾಡುವ ಟೈಪಿಂಗ್ ಕೆಲಸವೊಂದು ವಾಟ್ಸಾಪಿನಲ್ಲಿ ಬಂದಿದೆ. ನೋಂದಣಿಗೆ 2,500 ಕಟ್ಟಬೇಕಂತೆ, ಮೊದಲ ಸಂಬಳದ ಜೊತೆ ಮರಳಿಸುತ್ತಾರಂತೆ. ಡಬ್ಲ್ಯುಎಫ್‌ಎಚ್ ಎಂದರೆ ಎಲ್ಲ ಕಡೆಯೂ ಹೀಗೆ ಕಟ್ಟಬೇಕೇ?

ಮಂಜೇಶ್ವರದಿಂದ:
ಕಟ್ಟಬೇಡಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆಯೇ ಹೊರತು ನೋಂದಣಿ, ತರಬೇತಿ, ಲ್ಯಾಪ್‌ಟಾಪಿನ ಠೇವಣಿ ಎಂದು ಮೊದಲೇ ಹಣ ಕೇಳುವುದಿಲ್ಲ. ಕೇಳಿದಲ್ಲಿಗೆ ಅದನ್ನು ಮೋಸವೆಂದೇ ತಿಳಿದು ಆ ನಂಬರನ್ನು ಬಿಟ್ಟುಬಿಡಿ. ಈಗಾಗಲೇ ಹಣ ಕಳುಹಿಸಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬದಿಯಡ್ಕದವರು ಕೇಳಿದ ಜಾಹೀರಾತು ಈ ಬಗೆಯದ್ದಲ್ಲ.

ನೀರ್ಚಾಲಿನಿಂದ:
ಜೆಡಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಮಕ್ಕಳ ಬಯೊಡಾಟಾದಲ್ಲಿ ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ಎಂದು ನಾಲ್ಕು ಭಾಷೆ ಕಂಡೊಡನೆ ಕಂಪೆನಿಗಳವರು ಗ್ರಾಹಕ ಸೇವೆಯ ಹುದ್ದೆಗೆ ಕರೆಯುತ್ತಾರೆ. ನನ್ನ ತಂಗಿಯ ಜೆಡಿಯಲ್ಲಿ ಹುದ್ದೆಯ ಹೆಸರು ‘ಅಕೌಂಟ್ಸ್ ಅಸೋಸಿಯೇಟ್’ ಎಂದೇ ಇತ್ತು. ಕೆಳಗೆ ಓದುತ್ತಾ ಹೋದರೆ ಗ್ರಾಹಕರ ಕರೆಗಳಿಗೆ ಉತ್ತರಿಸುವುದು, ಮಲಯಾಳದಲ್ಲಿ ಚಾಟ್ ಬರೆಯುವುದು, ಸರದಿಯಂತೆ ರಾತ್ರಿ ಪಾಳಿ ಎಂದು ಇತ್ತು. ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಲಯಾಳ ಚೆನ್ನಾಗಿ ಮಾತನಾಡುತ್ತಾಳೆ, ಆದರೆ ವೇಗವಾಗಿ ಬರೆಯಲು ಬಾರದು. ಸಂದರ್ಶನದಲ್ಲಿ ಅಲ್ಲಿಗೇ ನಿಂತಿತು. ಹುದ್ದೆಯ ಹೆಸರನ್ನು ಬಿಟ್ಟು, ದಿನದ ಕೆಲಸಗಳ ಪಟ್ಟಿಯ ಮೊದಲ ಮೂರು ಸಾಲುಗಳನ್ನು ಓದಿ. ದಿನದ ಹೆಚ್ಚಿನ ಹೊತ್ತು ಹೋಗುವುದು ಅವುಗಳಿಗೇ. ಬಯೊಡಾಟಾದಲ್ಲಿ ಯಾವ ಭಾಷೆ ಮಾತಿಗೆ, ಯಾವುದು ಬರವಣಿಗೆಗೆ ಎಂದು ಬೇರೆ ಬೇರೆಯಾಗಿ ಬರೆಯಿರಿ.

ಬದಿಯಡ್ಕದಿಂದ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ನಿಜ ಸಂಗತಿ ಹೇಳಿದೆ. ಅರ್ಜಿಯ ನಮೂನೆಯಲ್ಲಿ ಸಿಸಿಟಿಸಿ, ಇಸಿಟಿಸಿ ಎಂದು ಎರಡು ಖಾಲಿ ಜಾಗಗಳಿವೆ. ಅಲ್ಲಿ ಏನು ಬರೆಯಲಿ ಅಕ್ಕ? ಸಂಬಳದ ವಿಂಗಡಣೆಯನ್ನು ಈಗಲೇ ಕೇಳಬಹುದೇ?

ಮಂಜೇಶ್ವರದಿಂದ:
ಸಿಸಿಟಿಸಿ ಎಂದರೆ ಈಗಿನ ಸಂಬಳ. ನಿಮಗೆ ಕೆಲಸವಿಲ್ಲದ್ದರಿಂದ ಸೊನ್ನೆ ಎಂದು ಬರೆಯಿರಿ. ಇಸಿಟಿಸಿ ಎಂದರೆ ನೀವು ಬಯಸುವ ಸಂಬಳ. ಅಲ್ಲಿ ಜಾಹೀರಾತಿನ 3.6ನ್ನೇ ಬರೆಯಿರಿ. ನಮೂನೆಯಲ್ಲಿ ಕೇಳುವುದು ವರ್ಷದ ಲೆಕ್ಕವೋ ತಿಂಗಳದೋ ಎಂದು ನೋಡಿಕೊಳ್ಳಿ, ತಿಂಗಳ ಅಂಕಿಯನ್ನು ವರ್ಷದ ಜಾಗದಲ್ಲಿ ಬರೆದ ಅರ್ಜಿಗಳು ನನ್ನ ಕಣ್ಣಿಗೆ ಎಷ್ಟೋ ಸಲ ಬಿದ್ದಿವೆ.

ಇನ್ನು, ಜಾಹೀರಾತಿನಲ್ಲಿ ‘ವರೆಗೆ’ ಎಂಬ ಪದವಿದೆ. ಮೊದಲ ಸಲ ಸೇರುವವರಿಗೆ 3 ಲಕ್ಷ ಎಂದರೂ ಅವರು ಮಾತು ತಪ್ಪಿದಂತಾಗುವುದಿಲ್ಲ. ಆಗ ಗ್ರಾಸ್ 21,000ಕ್ಕಿಂತ ಕೆಳಗೆ ಇಳಿಯುವುದರಿಂದ ಇಎಸ್‌ಐ ಎಂಬ ಸರಕಾರಿ ನೌಕರರ ವಿಮಾ ಯೋಜನೆಯಲ್ಲ, ಕಂಪೆನಿ ನೌಕರರಿಗೆ ಸರಕಾರ ನಡೆಸುವ ವಿಮೆ ಅನ್ವಯವಾಗುತ್ತದೆ. ನಿಮ್ಮಿಂದ ಶೇ. 0.75, ಕಂಪೆನಿಯಿಂದ ಶೇ. 3.25 ಹೋಗುತ್ತದೆ, ಕಂಪೆನಿಯ ಪಾಲನ್ನು ಸಿಟಿಸಿಯಲ್ಲಿಯೇ ಸೇರಿಸಿರುತ್ತಾರೆ. ವೇರಿಯಬಲ್ ಮತ್ತು ಮೂಲ ವೇತನವನ್ನು ಮೊದಲಿನ ಪ್ರಮಾಣದಲ್ಲೇ ಹಿಡಿದರೆ ಕೈಗೆ ಬರುವುದು ಸುಮಾರು 18,000. ಬದಲಿಗೆ ನಿಮಗೂ ನಿಮ್ಮನ್ನು ಅವಲಂಬಿಸಿದ ತಂದೆ ತಾಯಿಗೂ ಚಿಕಿತ್ಸೆಯ ಸೌಲಭ್ಯ ಸಿಗುತ್ತದೆ.

ವಿಂಗಡಣೆಯನ್ನು ಆಫರ್ ಬಂದ ಮೇಲೆ, ಒಪ್ಪಿಗೆ ಕೊಡುವ ಮೊದಲು, ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಆಧಾರವಿರುವುದಿಲ್ಲ.

ಮುಳ್ಳೇರಿಯದಿಂದ:
ಇದನ್ನು ಮಾತ್ರ ನಾನು ಒಪ್ಪುವುದಿಲ್ಲ ಅಕ್ಕ. ಕೈಗೆ ಎಷ್ಟು ಬರುತ್ತದೆ ಎಂದು ಮೊದಲ ಫೋನಿನಲ್ಲಿಯೇ ಕೇಳಬೇಕು. ಮೂರು ಸುತ್ತಿನ ಸಂದರ್ಶನ ಮುಗಿದ ಮೇಲೆ ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮಂಜೇಶ್ವರದಿಂದ:
ನಿಮ್ಮ ಮಾತಿನಲ್ಲಿಯೂ ಸತ್ಯವಿದೆ. ಆದರೆ ಮೊದಲ ಕರೆ ಮಾಡುವವರಿಗೆ ಅನೇಕ ವೇಳೆ ವಿಂಗಡಣೆಯೇ ಗೊತ್ತಿರುವುದಿಲ್ಲ. ವೇರಿಯಬಲ್ ಎಷ್ಟು ಎಂಬ ಒಂದನ್ನು ಬೇಕಾದರೆ ಆಗಲೇ ಕೇಳಬಹುದು.

ಬದಿಯಡ್ಕದಿಂದ ಕೇಳಿದವರು:
ಇಂದು ಬೆಳಿಗ್ಗೆ ಕರೆ ಬಂದಾಗ ಅದನ್ನೇ ಕೇಳಿದೆ. ವೇರಿಯಬಲ್ ಶೇ. 15 ಎಂದರು. ಮನೆಯಿಂದ ಕೆಲಸ ಮೊದಲ ಆರು ತಿಂಗಳು ಮಾತ್ರವಂತೆ. ಸಂದರ್ಶನ ಗುರುವಾರ ಇದೆ.