ಅಪ್‌ಡೇಟ್: ಆಕ್ಸಿಜನ್ ಗೊಂದಲ ಬಗೆಹರಿಯಿತು

ನಾನು ಕೇಳಿದ್ದು: "ಆವರ್ತಕ ಕೋಷ್ಟಕದ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಚಿಕ್ಕದಾಗುತ್ತದೆ, ಅಯಾನೀಕರಣ ಶಕ್ತಿ, ಅಂದರೆ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಹೆಚ್ಚುತ್ತದೆ. ಹಾಗಿದ್ದರೆ ನೈಟ್ರೋಜನ್‌ಗೆ 1402, ಆಕ್ಸಿಜನ್‌ಗೆ ಬರೀ 1314 ಕಿಲೋಜೂಲ್/ಮೋಲ್ ಯಾಕೆ?"

"ಅರ್ಧ ತುಂಬಿದ ಕಕ್ಷಕ ಸ್ಥಿರ" ಅಂತ ತುಂಬಾ ಜನ ಹೇಳಿದಿರಿ. ನಿಜ ಹೇಳಬೇಕೆಂದರೆ ಅದರಿಂದ ನನಗೆ ಏನೂ ಹೊಳೆಯಲಿಲ್ಲ. ಯಾಕೆ ಸ್ಥಿರ ಅನ್ನೋದೇ ನನ್ನ ಪ್ರಶ್ನೆ ಅಲ್ವಾ?

ಕೆಲಸ ಮಾಡಿದ್ದು ಡಬ್ಬಿ ಬರೆದು ನೋಡು ಎಂಬ ಸಲಹೆ. ಮೂರು 2p ಕಕ್ಷಕಕ್ಕೆ ಮೂರು ಡಬ್ಬಿ, ಒಂದೊಂದು ಎಲೆಕ್ಟ್ರಾನ್‌ಗೆ ಒಂದೊಂದು ಬಾಣ ಬರೆದೆ. ನೈಟ್ರೋಜನ್‌ನಲ್ಲಿ ಒಂದೊಂದರಲ್ಲೂ ಒಂದೊಂದು ಬಾಣ. ಆಕ್ಸಿಜನ್‌ನ ನಾಲ್ಕನೆಯ ಎಲೆಕ್ಟ್ರಾನ್‌ಗೆ ಖಾಲಿ ಡಬ್ಬಿ ಇಲ್ಲ, ಇನ್ನೊಂದರ ಜೊತೆ ಸೇರಬೇಕು. ಎರಡೂ ಒಂದನ್ನೊಂದು ತಳ್ಳುತ್ತವೆ. ಹಾಗಾಗಿ ಅದನ್ನು ಕೀಳುವುದು ಸುಲಭ. ನ್ಯೂಕ್ಲಿಯಸ್‌ನ ಸೆಳೆತ ಮಾತ್ರ ಜಾಸ್ತಿಯೇ, ಅದಕ್ಕೇ ಗಾತ್ರ ಕುಗ್ಗುತ್ತಲೇ ಹೋಗುತ್ತದೆ.

ಪರೀಕ್ಷಿಸೋಣ ಅಂತ ಎರಡನೆಯ ಎಲೆಕ್ಟ್ರಾನ್ ಕೀಳುವ ಶಕ್ತಿ ನೋಡಿದೆ. ನೈಟ್ರೋಜನ್ 2856, ಆಕ್ಸಿಜನ್ 3388. ಪೂರ್ತಿ ಉಲ್ಟಾ! ಒಂದು ಹೋದ ಮೇಲೆ ಆಕ್ಸಿಜನ್‌ನಲ್ಲೂ ಮೂರು ಒಂಟಿ ಬಾಣ ಉಳಿಯುತ್ತವೆ, ತಳ್ಳುವ ಜೋಡಿಯೇ ಇಲ್ಲ. ಫ್ಲೋರಿನ್ ಕೂಡ 3374, ಆಕ್ಸಿಜನ್‌ಗಿಂತ ಸ್ವಲ್ಪ ಕಡಿಮೆಯೇ, ಯಾಕೆಂದರೆ ಒಂದು ಹೋದ ಮೇಲೂ ಅಲ್ಲಿ ಒಂದು ಜೋಡಿ ಉಳಿಯುತ್ತದೆ.

ಬೋರಾನ್‌ಗೂ ಬೆರಿಲಿಯಂಗಿಂತ ಕಡಿಮೆ ಶಕ್ತಿ ಸಾಕು, ಆದರೆ ಅದಕ್ಕೆ ಮಾತ್ರ ಈ ಜೋಡಿ ಲೆಕ್ಕ ಹಾಕಬೇಡಿ, ನಾನು ಹಾಕಿ ಕೆಟ್ಟೆ. ಅಲ್ಲಿ ಹೋಗುವುದು 2p ಎಲೆಕ್ಟ್ರಾನ್, ಬೆರಿಲಿಯಂನ 2s ಗಿಂತ ಅದರ ಶಕ್ತಿಮಟ್ಟವೇ ಮೇಲೆ.